ವಿಷಯ: ತಾವು ಜಾರಿ ಬಿದ್ದ ಬಗ್ಗೆ

ಬಲಗೈ ಪ್ಲಾಸ್ಟರ್‌ನ್ಯಾಗ ಐತಿ, ಎಡಗೈಲೆ ಒಂದೊಂದ ಅಕ್ಷರ ಕುಟ್ಟಾಕತ್ತೀನಿ, ತಪ್ಪಿದ್ರ ಬೈಬ್ಯಾಡ್ರಿ. ಕೈ ನೋವು ಹೋಗ್ಲಿ, ಈ ಪತ್ರ ಓದಿದ ಮ್ಯಾಲೆ ಹೊಟ್ಟಿ ಉರಿಯೋದ ಜಾಸ್ತಿ ಆಗೇತಿ. ನಮ್ಮಾಕಿ ಕಾಕಾ, ಅಂದ್ರ ನನ್ನ ಸಣ್ಣ ಮಾವ, ಗಂಗಾವತಿಯಿಂದ ಕೊಪ್ಪಳಕ್ಕ ಮಗನ ಕೈಯಾಗ ಒಂದು ಲಕೋಟೆ ಕಳ್ಸ್ಯಾರ. ಅವರ ಮಗಳ ಕುಬಸದಾಗ ನಾ ಬಿದ್ದಿದ್ದಕ್ಕ ಕ್ಷಮಾಪಣೆ ಮತ್ತು ಪರಿಹಾರ ಅಂತ.

ಬಿದ್ದದ್ದು ಹ್ಯಾಂಗಂದ್ರ, ಕೈ ತೊಳಿಯಾಕ ಶಾಮಿಯಾನದ ಬಾಜೂಕ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ನಳ ಕೂಡಿಸಿ ಇಟ್ಟಿದ್ರು, ಆದ್ರ ನೀರು ಹೋಗಾಕ ದಾರಿ ಬಿಟ್ಟಿರಲಿಲ್ಲ. ಹೊಸಾ ಟೈಲ್ಸು, ಅದರ ಮ್ಯಾಲೆ ನೀರು, ನೀರಿನ ಮ್ಯಾಲೆ ಮಂದಿ ಕೈಯಾಗಿನ ಹೋಳಿಗಿ ತುಪ್ಪ. ಜಾರಿದೆ, ಅಂಗೈ ಊರಿದೆ, ಮಣಿಕಟ್ಟು ಲಟಕ್ ಅಂತು. ಎಕ್ಸ್‌ರೇ ನೋಡಿ ಡಾಕ್ಟ್ರು ಆರು ವಾರ ಪ್ಲಾಸ್ಟರ್ ಅಂದ್ರು.

ಮಾವಾರು ರಿಟೈರ್ಡ್ ಪ್ರಥಮ ದರ್ಜೆ ಸಹಾಯಕರು. ಆಫೀಸು ಬಿಟ್ಟಾರ, ಆಫೀಸು ಅವರನ್ನ ಬಿಟ್ಟಿಲ್ಲ. ಹಾಲಿನವಗ ಚೀಟಿ ಬರದ್ರೂ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಅಂತಾನ ಸುರು. ನನಗ ಬಂದದ್ದು ಹಿಂಗಿತ್ತು:

"ವಿಷಯ: ತಾವು ನಮ್ಮ ಮನೆಯ ಕುಬಸದ ಕಾರ್ಯಕ್ರಮದಲ್ಲಿ ಜಾರಿ ಬಿದ್ದ ಬಗ್ಗೆ. ಉಲ್ಲೇಖ: ತಮ್ಮ ಧರ್ಮಪತ್ನಿಯವರ ಮೌಖಿಕ ದೂರು. ನೆಲವು ಸ್ವಾಭಾವಿಕವಾಗಿ ಒದ್ದೆಯಾಗಿದ್ದರಿಂದ ಸಂಭವಿಸಿದ ಘಟನೆಗೆ ವಿಷಾದಿಸುತ್ತಾ, ಮಾನವೀಯ ದೃಷ್ಟಿಯಿಂದ ರೂ. 6,000 ಅನ್ನು ಪೂರ್ಣ ಮತ್ತು ಅಂತಿಮ ಪರಿಹಾರವಾಗಿ ನೀಡಲು ತೀರ್ಮಾನಿಸಲಾಗಿದೆ."

ಸ್ವಾಭಾವಿಕವಾಗಿ ಒದ್ದಿ ಅಂತ! ಅದೇನು ತುಂಗಭದ್ರಾ ನಡುಗಡ್ಡೆ ಏನ್ರಿ? ಕೆಳಗ "ಪ್ರತಿಯನ್ನು ಮಾಹಿತಿಗಾಗಿ" ಅಂತ ನನಗ ಹೆಣ್ಣು ಕೊಟ್ಟ ಮಾವಗೊಂದು, ಕಡತಕ್ಕೊಂದು. ನಾ ಬಿದ್ದದ್ದಕ್ಕೂ ಒಂದು ಕಡತ ಆಗೇತಿ ಅಂತಾಯ್ತು.

ನಂದು ಕೋರ್ಟ್ ಹತ್ರ ಝೆರಾಕ್ಸ್, ಟೈಪಿಂಗ್ ಅಂಗಡಿ, ಇಂಥಾ ಕಾಗದ ದಿನಾ ನನ್ನ ಕೈಯಾಗ ಹಾಯ್ದು ಹೋಗ್ತಾವ. ಹಂಗಾಗಿ ದುಡ್ಡಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು "ಪೂರ್ಣ ಮತ್ತು ಅಂತಿಮ". ಇಲ್ಲಿತನಕ ಖರ್ಚು ಎಕ್ಸ್‌ರೇ 800, ಡಾಕ್ಟ್ರು ಪ್ಲಾಸ್ಟರ್ ಸೇರಿ 3,500, ಗುಳಿಗಿ 640, ಆಟೋ 300, ಒಟ್ಟು 5,240. ಅದರ ಮ್ಯಾಲೆ 760 ಕೊಟ್ಟು ಮಾವಾರು ಮುಂದಿಂದೆಲ್ಲಾ ಖರೀದಿ ಮಾಡಾಕತ್ತಾರ. ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಇನ್ನೊಂದು ಎಕ್ಸ್‌ರೇ ಐತಿ, ಮಣಿಕಟ್ಟು ಬಿರುಸಾಗಿ ಮಡಚಾಕ ಬರ್ಲಿಲ್ಲಂದ್ರ ಫಿಸಿಯೋಥೆರಪಿ ಐತಿ, ಟೈಪಿಂಗ್ ಗಿರಾಕಿ ಈಗಾಗಲೇ ಬಾಜೂ ಅಂಗಡಿಗೆ ಹೊಂಟಾರ. ಎಲುಬು ಹ್ಯಾಂಗ ಕೂಡತೈತಿ ಅಂತ ಡಾಕ್ಟ್ರಿಗೇ ಇನ್ನೂ ಗೊತ್ತಿಲ್ಲ, ಮಾವಾರಿಗೆ ಅಂತಿಮ ಮೊತ್ತ ಗೊತ್ತಾಗಿಬಿಟ್ಟೈತಿ. ಅಂಗಡಿಗೆ ಬರೋ ವಕೀಲರೊಬ್ಬರಿಗೆ ತೋರ್ಸಿದ್ರ "ಇಂಥಾ ಗಾಯದ ಪರಿಹಾರಕ್ಕ ದಾವೆ ಹಾಕಾಕ ಸಾಮಾನ್ಯವಾಗಿ 3 ವರ್ಷ ಟೈಮ್ ಇರ್ತೈತಿ, ನಿನಗೇನ್ ಅವಸರ" ಅಂದ್ರು. ಮಾವನ ಮ್ಯಾಲೆ ದಾವೆ ಹಾಕಿದ್ರ ರಾತ್ರಿ ಊಟ ಎಲ್ಲಿ ಮಾಡಬೇಕು ಅಂತ ಅವರು ಹೇಳಲಿಲ್ಲ.

ಮಜಾ ಬಂದದ್ದು ರಸೀದಿಯೊಳಗ. 5,000 ದಾಟಿದ್ರ ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪ್ ಬೇಕು, ಹಚ್ಚಿ ಕಳ್ಸ್ಯಾರ. ಆ ಹುಡುಗ "ಮಾಮಾರ, ಸ್ಟ್ಯಾಂಪ್ ಮ್ಯಾಲೆ ಸಹಿ" ಅಂದ. ಕೊಳ್ಳಾಗ ಕಟ್ಕೊಂಡ ಬಲಗೈ ತೋರಿಸಿ "ಹ್ಯಾಂಗ ಮಾಡ್ಲಪಾ" ಅಂದೆ. ಅಂವ ಕಿಸೆಯಾಗಿಂದ ಸ್ಟ್ಯಾಂಪ್ ಪ್ಯಾಡ್ ತಗದ! ಮಾವಾರು ಮೊದಲೇ ವಿಚಾರ ಮಾಡಿ ಕಳ್ಸಿದ್ರು. ಫೋನ್ ಹಚ್ಚಿದ್ರ "ಅಳಿಯಂದ್ರ, ನಿಯಮದ ಪ್ರಕಾರ ಗಂಡಸರದು ಎಡಗೈ ಹೆಬ್ಬಟ್ಟು, ನಿಮ್ದು ಎಡಗೈ ಸುರಕ್ಷಿತ ಐತಲ್ಲ" ಅಂದ್ರು. ಡ್ರಮ್ಮಿನ ಬುಡಕ ಒಂದು ಗೋಣಿಚೀಲ ಹಾಸಾಕ ತಲಿ ಓಡಿಲ್ಲ, ಯಾವ ಕೈ ಮುರಿದ್ರ ಯಾವ ಹೆಬ್ಬಟ್ಟು ಅಂತ ಓಡೇತಿ. "ಸಹಿ ಮಾಡಾಕ ಬರೋವಂಗ ಹೆಬ್ಬಟ್ಟು ಯಾಕ್ರಿ" ಅಂದೆ. "ತಾತ್ಕಾಲಿಕ ಅನಕ್ಷರತೆ ಅಂತ ಷರಾ ಬರೀತೀನಿ" ಅಂದ್ರು. ಬಿ.ಕಾಂ. ಓದಿದವಗ!

ನಮ್ಮಜ್ಜಿ ಇದ್ದಾಗ ಮನಿಗೆ ಬಂದವರು ಎಡವಿದ್ರ ಸಾಕು, ಆಕಿ ಅರಿಷಿಣ ಸುಣ್ಣ ಕಲಸಿ ಬಿಸಿ ಮಾಡಿ ಹಚ್ಚಿ, ವಾರಗಟ್ಟಲೆ ಅವರ ಮನಿಗೆ ಹೋಗಿ ಕುಂತು ಬರ್ತಿದ್ಲು. ಅರಿಷಿಣಕ್ಕ ಎಲುಬು ಕೂಡ್ತಿರಲಿಲ್ಲ, ಅದು ಬ್ಯಾರೆ ಮಾತು. ಮಾವಾರು ಒಮ್ಮೆ ಬಂದು ಚಾ ಕುಡಿದು "ತಪ್ಪಾತ್ರಿ ಅಳಿಯಂದ್ರ, ನೀರಿಗೆ ದಾರಿ ಮಾಡಬೇಕಿತ್ತು" ಅಂದಿದ್ರ ನಾ 5,240ರ ಲೆಕ್ಕಾನೂ ಹೇಳ್ತಿರಲಿಲ್ಲೇನೋ.

ಕಡೀಕ ಹುಡುಗನ ಕೈಲೇ "ಪೂರ್ಣ ಮತ್ತು ಅಂತಿಮ" ಅನ್ನೋದಕ್ಕ ಗೀಟು ಹೊಡಿಸಿ, "ಇಲ್ಲಿಯವರೆಗಿನ ಔಷಧೋಪಚಾರದ ಖರ್ಚಿಗೆ ಮಾತ್ರ, ಮುಂದಿನದು ಬಿಲ್ ಪ್ರಕಾರ" ಅಂತ ಬರಿಸಿ, ಎಡಗೈಲೆ ಸೊಟ್ಟ ಸಹಿ ಮಾಡಿ, ಒಂದು ಝೆರಾಕ್ಸ್ ಇಟ್ಕೊಂಡು ಕಳ್ಸಿದೆ. ಇವತ್ತು ಮುಂಜಾನೆ ಫೋನ್ ಬಂತು.

"ಅಳಿಯಂದ್ರ, ತಿದ್ದುಪಡಿ ನೋಡಿದೆ. ಒಪ್ಪಬೇಕಂದ್ರ ಕೋರಿಕೆ ಪತ್ರ ಬೇಕಾಗತೈತಿ, ದ್ವಿಪ್ರತಿಯಲ್ಲಿ. ಟೈಪ್ ಮಾಡಿದ್ದೇ ಆಗಬೇಕ್ರಿ."