ಸಾಯುವವರು 15 ದಿನ ಮೊದಲೇ ತಿಳಿಸತಕ್ಕದ್ದು

ನಾನು ಪಾಳಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ನಮ್ಮ ರಜೆಯನ್ನು ಆಳುತ್ತಿದ್ದದ್ದು 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮು. ಸಂಬಳ ಸಹಿತ ರಜೆ ಬೇಕಾದವರು ಕನಿಷ್ಠ 15 ದಿನ ಮೊದಲು ಲಿಖಿತ ಅರ್ಜಿ ಕೊಡಬೇಕೆಂದು ಅದು ವಿಧಿಸಿತ್ತು. ಕಾಯಿಲೆ ಬಿದ್ದವರಿಗೆ ಈ ಅವಧಿಯಿಂದ ವಿನಾಯಿತಿ ಇತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡಬೇಕೆಂಬುದನ್ನು ಆ ಕಲಮು ಹೇಳಿರಲಿಲ್ಲ. ಬಹುಶಃ ಕಾರ್ಮಿಕರ ಬಂಧುಗಳು ಶಿಸ್ತಿನವರಾಗಿದ್ದು, ಎರಡು ವಾರ ಮೊದಲೇ ಸುಳಿವು ಕೊಟ್ಟು ಕಣ್ಣು ಮುಚ್ಚುತ್ತಾರೆಂಬ ನಂಬಿಕೆ ಇದ್ದಿರಬೇಕು.

ನನ್ನ ಪಕ್ಕದ ಯಂತ್ರದ ಗೆಳೆಯನ ದೊಡ್ಡಪ್ಪನಿಗೆ ಆ ಶಿಸ್ತು ಇರಲಿಲ್ಲ. ತಿಪಟೂರಿನ ಕಡೆಯ ಹಳ್ಳಿಯಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಬೆಳಿಗ್ಗೆ ಮೇಲ್ವಿಚಾರಕರು, "ದೊಡ್ಡಪ್ಪ ಅಂದ್ರೆ ಸ್ವಂತ ತಂದೆ ಅಲ್ವಲ್ಲಪ್ಪ" ಎಂದರು. ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವನು ರಜೆಯ ನಮೂನೆಯಲ್ಲಿ 'ದೂರದ ಸಂಬಂಧಿ' ಆಗಿಬಿಡುತ್ತಾನೆ.

ಗೆಳೆಯ ರೇಗಲಿಲ್ಲ, ಅಳಲೂ ಇಲ್ಲ. ಮೇಲ್ವಿಚಾರಕರನ್ನು ನಿಜಕ್ಕೂ ಕಾಡುತ್ತಿದ್ದದ್ದು ದೊಡ್ಡಪ್ಪನ ಸಾವಲ್ಲ, ಸಂಜೆ ಮೇಲಿನವರಿಗೆ ಒಪ್ಪಿಸಬೇಕಾದ ಉತ್ಪಾದನೆಯ ಲೆಕ್ಕ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಅವನು ರಜೆಯ ಮಾತು ಬಿಟ್ಟು ಯಂತ್ರದ ಮಾತೆತ್ತಿದ: "ಇವತ್ತಿನ ನನ್ನ ಪಾಳಿಯನ್ನು ಇವನು ನೋಡ್ಕೋತಾನೆ ಸಾರ್, ಭಾನುವಾರ ಇವನದನ್ನ ನಾನು ಮಾಡ್ತೀನಿ. ಮಣ್ಣು ಮುಗಿಸಿ ನಾಳೆ ಬೆಳಿಗ್ಗೆ ಹಾಜರಿರ್ತೀನಿ." 'ಇವನು' ಎಂದರೆ ನಾನು, ಒಳಗೆ ಹೋಗುವ ಮೊದಲೇ ನನ್ನನ್ನು ಒಪ್ಪಿಸಿಕೊಂಡಿದ್ದ. ಬದಲಿ ಆಳಿಲ್ಲದೆ ಬರೀ ದುಃಖ ಹೊತ್ತು ಹೋಗಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದ. ಮರುದಿನ ಹೇಳಿದ ಹೊತ್ತಿಗೆ ಬಂದು, ಹನ್ನೊಂದನೇ ದಿನದ ಕಾರ್ಯಕ್ಕೆ ಅರ್ಜಿಯನ್ನೂ ಕೊಟ್ಟ. ಅದೂ 15 ದಿನಕ್ಕೆ ಸಾಲದೆ ಬಂತೆನ್ನಿ. ಶಾಸ್ತ್ರ ಬರೆದವರು ಕಾರ್ಖಾನೆ ಕಾಯ್ದೆ ಓದಿರಲಿಲ್ಲ.

ವರ್ಷ ತುಂಬುವುದರೊಳಗೆ ಮದುವೆ ಮಾಡಬೇಕೆಂದು ಹಿರಿಯರು ದೊಡ್ಡಪ್ಪನ ಮಗಳ ಲಗ್ನ ನಿಶ್ಚಯಿಸಿದರು. ಈ ಸಲ 20 ದಿನ ಮೊದಲೇ, ಲಗ್ನಪತ್ರಿಕೆ ಸಮೇತ ಅರ್ಜಿ ಹೋಯಿತು. ಮೇಲ್ವಿಚಾರಕರು "ನೋಡೋಣ" ಎಂದರು. 'ಇಲ್ಲ' ಎಂದರೆ ಜಗಳವಾಡಬಹುದು, 'ನೋಡೋಣ' ಎಂದರೆ ಕಾಯಬೇಕು. ನಾಲ್ಕು ದಿನ ಕಾದು ಗೆಳೆಯ ಮತ್ತೆ ಹೋದ. ಮುಂದಿನ ವರ್ಷಕ್ಕೆ ಒಯ್ಯಬಹುದಾದ ರಜೆಗೆ 30 ದಿನಗಳ ಮಿತಿಯಿದ್ದರೂ, ಕ್ರಮವಾಗಿ ಕೇಳಿಯೂ ಅನ್ಯಾಯವಾಗಿ ಸಿಗದೇ ಹೋದ ರಜೆಗೆ ಆ ಮಿತಿ ಇರಲಿಲ್ಲ. ಅದನ್ನು ಬೆದರಿಕೆಯಾಗಿಸದೆ, "ಆಗದಿದ್ದರೂ ಪರವಾಗಿಲ್ಲ ಸಾರ್, ಲೆಕ್ಕಕ್ಕೆ ಬೇಕಾಗುತ್ತೆ, ಅರ್ಜಿ ಮೇಲೆ ಒಂದು ಸಾಲು ಬರೆದುಬಿಡಿ" ಎಂದ.

ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದು 'ಮಂಜೂರು' ಎಂದು ಬರೆದರು. ಧಾರೆಯ ದಿನ ಸಂಸಾರ ಸಮೇತ ಬಂದು ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಅಂದು ಅವರು ಯಾರ ಹತ್ತಿರ ರಜೆ ಕೇಳಿ ಬಂದಿದ್ದರೆಂದು ನಾವು ವಿಚಾರಿಸಲಿಲ್ಲ.