ಬಿಡಿ ಅನ್ನದೆಯೇ ಸಿಗರೇಟಿನ ಮಾತು ಎತ್ತುವುದು

ಗಂಡನಿಗೋ ಅಪ್ಪನಿಗೋ ಸಿಗರೇಟು ಬಿಡಿ ಅಂತ ಹೇಳುವುದನ್ನು ಮೊದಲು ನಿಲ್ಲಿಸಿ ಅಂದರೆ, ನನ್ನೆದುರು ಕೂತ ಹೆಂಗಸರು ಒಂದು ಕ್ಷಣ ನನ್ನ ಮುಖವನ್ನೇ ನೋಡುತ್ತಾರೆ. ತಂಬಾಕು ಬಿಡಿಸುವ ಕೇಂದ್ರದ ಆಪ್ತಸಮಾಲೋಚಕಿ ಹೇಳುವ ಮಾತಾ ಇದು ಅಂತ. ಆದರೂ ಹೇಳುತ್ತೇನೆ. ಸೇದುವವರು ತಾವಾಗಿ ನಮ್ಮಲ್ಲಿಗೆ ಬರುವುದು ಕಡಿಮೆ, ಅವರ ಬಗ್ಗೆ ಸಂಕಟಪಡುವವರು ಬರುವುದೇ ಹೆಚ್ಚು. ಹಾಗಾಗಿ ನನ್ನ ಅರ್ಧ ಕೆಲಸ ಸೇದದೇ ಇರುವವರ ಜೊತೆಗೇ.

ವರ್ಷಗಟ್ಟಲೆ ಸೇದಿದವನ ಒಳಗೆ ಎರಡು ಮನಸ್ಸು ಇದ್ದೇ ಇರುತ್ತವೆ. ಒಂದು ಬಿಡಬೇಕು ಅನ್ನುತ್ತದೆ, ಇನ್ನೊಂದು ಇವತ್ತು ಬೇಡ ಅನ್ನುತ್ತದೆ. ನೀವು ಹೋಗಿ "ಬಿಡಬೇಕು" ಅನ್ನುವ ಪಕ್ಷ ಹಿಡಿದ ತಕ್ಷಣ ಅವನ ಪಾಲಿಗೆ ಉಳಿಯುವುದು ಇನ್ನೊಂದೇ ಪಕ್ಷ. ಅದನ್ನು ಅವನು ಜೋರಾಗಿ ವಾದಿಸುತ್ತಾನೆ, ವಾದಿಸಿದಷ್ಟೂ ಅದನ್ನೇ ನಂಬುತ್ತಾನೆ. ಕುಡಿತದ ಚಟ ಇದ್ದವರ ಜೊತೆ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ಇದರ ಬಗ್ಗೆ ಬರೆದರು. ಮುಂದೆ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ ಅದನ್ನೊಂದು ಪದ್ಧತಿಯಾಗಿ ಬೆಳೆಸಿದರು. ನಾವು ತರಬೇತಿಯಲ್ಲಿ ಕಲಿಯುವುದು ಅದನ್ನೇ: ಬಿಡುವುದಕ್ಕೆ ಕಾರಣ ನಮ್ಮ ಬಾಯಿಂದಲ್ಲ, ಅವರ ಬಾಯಿಂದ ಬರಬೇಕು.

ಒಂದು ಮನೆಯ ಕಥೆ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರನ್ನೂ ಕೇಳಿಯೇ, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಅವರದು ಹಾರ್ಡ್‌ವೇರ್ ಅಂಗಡಿ. ಗಂಡನಿಗೆ ವಯಸ್ಸು ನಲವತ್ತಾರು, ದಿನಕ್ಕೆ ಒಂದೂವರೆ ಪ್ಯಾಕು. ಹೆಂಡತಿ ಒಬ್ಬರೇ ನಮ್ಮಲ್ಲಿಗೆ ಬಂದಿದ್ದರು. ಮನೆಯಲ್ಲಿ ನಡೆಯುವ ಮಾತನ್ನು ಇದ್ದಂತೆಯೇ ಹೇಳಿ ಅಂದೆ.

"ಮತ್ತೆ ಸೇದ್ಕೊಂಡು ಬಂದ್ರಾ?"

"ಒಂದೇ ಒಂದು ಕಣೇ."

"ನಿಮ್ಮಣ್ಣಂಗೆ ಹಾರ್ಟ್ ಅಟ್ಯಾಕ್ ಆಗಿದ್ದು ಮರ್ತು ಹೋಯ್ತಾ?"

"ಅಣ್ಣಂಗೆ ಶುಗರ್ ಇತ್ತು. ನಮ್ ತಾತ ಬೀಡಿ ಸೇದ್ಕೊಂಡೇ ತೊಂಬತ್ತು ವರ್ಷ ಇರಲಿಲ್ವಾ?"

ಆ ತಾತ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಈಕೆ ವಾದ ಎತ್ತಿದಾಗಲೆಲ್ಲ ಎದ್ದು ಬಂದು ಮೊಮ್ಮಗನ ಪರ ಸಾಕ್ಷಿ ಹೇಳಿ ಹೋಗುತ್ತಾನೆ, ಅಷ್ಟೆ.

ಹೊತ್ತು ನೋಡಿ ಮಾತೆತ್ತಿ ಅಂದೆ. ಸೇದಿ ಒಳಗೆ ಬಂದ ಕೂಡಲೇ ಬೇಡ, ಅತ್ತೆಯ ಎದುರು ಬೇಡ, ಮಗಳ ಎದುರಂತೂ ಬೇಡವೇ ಬೇಡ. ಅಪ್ಪ ಸೇದಿದರೆ ನನಗೆ ಹೇಳು ಅಂತ ಮಗಳನ್ನು ಕಾವಲಿಗೆ ನಿಲ್ಲಿಸಿದ್ದರು. ಅದನ್ನೂ ಬಿಡಿಸಿದೆ. ಆಮೇಲೆ, ಮಾತಾಡಬಹುದಾ ಅಂತ ಅವರನ್ನೇ ಕೇಳಿ, ಬೇಡ ಅಂದರೆ ನಿಜವಾಗಿ ಸುಮ್ಮನಾಗಿ ಅಂದೆ. ಒಂದು ಭಾನುವಾರ ಅಂಗಡಿಗೆ ರಜೆ ಇದ್ದಾಗ ಅವರು ಮಾತೆತ್ತಿದ್ದು ಹೀಗೆ:

"ರೀ, ಒಂದು ಕೇಳ್ಲಾ? ಬೇಡ ಅಂದ್ರೆ ಬಿಟ್ಬಿಡ್ತೀನಿ."

"ಸಿಗರೇಟ್ ತಾನೆ?"

"ಹೂಂ. ಬಿಡಿ ಅಂತ ಹೇಳೋಕಲ್ಲ. ಸೇದಿದಾಗ ನಿಮಗೆ ಏನು ಹಿತ ಅನ್ಸುತ್ತೆ ಅಂತ ನಾನು ಯಾವತ್ತೂ ಕೇಳೇ ಇಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಡೀಲಿ ತಲೆ ಕೆಟ್ಟಾಗ ಹೊರಗೆ ಹೋಗೋಕೆ ಒಂದು ನೆಪ. ಐದು ನಿಮಿಷ ಯಾರೂ ಏನೂ ಕೇಳಲ್ಲ" ಅಂದರಂತೆ.

ಇಲ್ಲಿ ಹೆಚ್ಚಿನವರು "ಅದಕ್ಕೆ ಸಿಗರೇಟೇ ಬೇಕಾ?" ಅಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಮುಂದೆ ಏನೂ ಸೇರಿಸಬೇಡಿ ಅಂತ ಈಕೆಗೆ ಹೇಳಿಕೊಟ್ಟಿದ್ದೆ. ಈಕೆ ಅಂದದ್ದು: "ದಿನವಿಡೀ ಎಲ್ರೂ ನಿಮ್ಮನ್ನೇ ಕೇಳ್ತಿರ್ತಾರೆ. ಅದೊಂದೇ ನಿಮ್ಮ ಪಾಲಿನ ಹೊತ್ತು." ಗಿಳಿಪಾಠದ ಹಾಗೆ ಅವರದೇ ಪದ ಒಪ್ಪಿಸಿದರೆ ಅಣಕಿಸಿದಂತಾಗುತ್ತದೆ. ಅವರು ಹೇಳದೆ ಉಳಿಸಿದ್ದನ್ನು ಸ್ವಲ್ಪ ಊಹಿಸಿ ಹೇಳಬೇಕು. ಊಹೆ ತಪ್ಪಿದರೆ ಅವರೇ ತಿದ್ದುತ್ತಾರೆ, ಅದೂ ಒಳ್ಳೆಯದೇ.

ಅಲ್ಲಿಂದ ಮಾತು ತಾನಾಗಿ ತಿರುಗಿತು. "ಹೂಂ. ಆದ್ರೆ ಈಗೀಗ ಮೇಲಿನ ಗೋಡೌನ್ ಹತ್ತೋಕೆ ದಮ್ಮು ಬರ್ತಿದೆ. ಕೆಲಸದ ಹುಡುಗರ ಮುಂದೆ ನಿಂತು ನಿಂತು ಹತ್ಬೇಕು."

ಈ ಮಾತನ್ನು ಅವರಿಂದ ಯಾರೂ ಕೀಳಲಿಲ್ಲ ನೋಡಿ. ಎದುರು ವಾದಿಸುವವರು ಇಲ್ಲದಿದ್ದಾಗ ಬಿಡಬೇಕು ಅನ್ನುವ ಮನಸ್ಸಿಗೆ ಮಾತಾಡಲು ಜಾಗ ಸಿಗುತ್ತದೆ. "ಅದನ್ನೇ ನಾನು ಬಡ್ಕೊಂಡಿದ್ದು!" ಅನ್ನುವುದು ಈಕೆಯ ನಾಲಿಗೆ ತುದಿಗೆ ಬಂದಿತ್ತಂತೆ, ನುಂಗಿಕೊಂಡು "ಹುಡುಗರ ಮುಂದೆ ಅದು ಮುಜುಗರ" ಅಂದಷ್ಟೇ ನಿಲ್ಲಿಸಿದರು. ಕಾಯಿಲೆಗಿಂತ ಆ ಮುಜುಗರವೇ ಅವರಿಗೆ ದೊಡ್ಡದಾಗಿತ್ತು. ಕ್ಯಾನ್ಸರು, ಹಾರ್ಟು ಅಂತ ನಾವು ಹೆದರಿಸುತ್ತಲೇ ಇರುತ್ತೇವೆ, ಅವರವರ ಕಾರಣ ಇನ್ನೆಲ್ಲೋ ಇರುತ್ತದೆ.

ಇನ್ನೊಂದು ದಿನ ಹತ್ತಕ್ಕೆ ಎಷ್ಟು ಅನ್ನುವ ಪ್ರಶ್ನೆ ಕೇಳಿಸಿದೆ. ಬಿಡುವುದು ನಿಮಗೆ ಎಷ್ಟು ಮುಖ್ಯ, ಹತ್ತಕ್ಕೆ ಎಷ್ಟು ಕೊಡ್ತೀರಿ? ಅವರು "ನಾಲ್ಕು" ಅಂದರು. "ನಾಲ್ಕೇನಾ? ಎಂಟು ಯಾಕಲ್ಲ?" ಅಂದರೆ ಬಿಡದೇ ಇರುವುದಕ್ಕೆ ಕಾರಣಗಳ ಪಟ್ಟಿ ಬರುತ್ತದೆ. ಕೇಳಬೇಕಾದ್ದು ಕೆಳಗಿನ ಅಂಕಿ: "ಎರಡು ಅನ್ನದೆ ನಾಲ್ಕು ಅಂದ್ರಲ್ಲ, ಯಾಕೆ?" ಆಗ ಉತ್ತರವಾಗಿ ಬರುವುದೇ ಬಿಡುವುದಕ್ಕೆ ಕಾರಣಗಳು. ದಮ್ಮು ಅಂದರು, ಸ್ಕೂಟರಿನ ಹಿಂದೆ ಕೂತ ಮಗಳು ವಾಸನೆಗೆ ಮುಖ ತಿರುಗಿಸುತ್ತಾಳೆ ಅಂದರು. ಆಮೇಲೆ ಇನ್ನೊಂದು ಪ್ರಶ್ನೆ: ಬಿಡ್ತೀನಿ ಅಂತ ಹೊರಟರೆ ಆಗುತ್ತೆ ಅನ್ನುವ ಧೈರ್ಯ ಎಷ್ಟು? ಅದಕ್ಕೆ ಬರೀ ಎರಡು.

ಧೈರ್ಯ ಎರಡೇ ಇರುವವರಿಗೆ ಇನ್ನಷ್ಟು ಕಾರಣ ಕೊಡುವುದು ವ್ಯರ್ಥ. ಅವರು ಮೊದಲೇ ಸೋತವರಂತೆ ಕೂತಿರುತ್ತಾರೆ. ಹಿಂದೆ ಯಾವಾಗ ಬಿಟ್ಟಿದ್ದರು ಅನ್ನುವುದನ್ನು ಹುಡುಕಬೇಕು. ನಮ್ಮ ಕಡೆ ಇದಕ್ಕೊಂದು ದಾರಿ ಇದೆ, ಅಯ್ಯಪ್ಪನ ಮಾಲೆ. ಇವರೂ ಒಮ್ಮೆ ಹಾಕಿದ್ದರು, 41 ದಿನ ಮುಟ್ಟಿರಲಿಲ್ಲ. ಹೆಂಡತಿ ಇದನ್ನೇ ಹಿಡಿದು "ಮಾಲೆ ಹಾಕಿದಾಗ ಆಗುತ್ತೆ, ಈಗ್ಯಾಕಾಗಲ್ಲ?" ಅಂತ ಚುಚ್ಚುತ್ತಿದ್ದರು. ಅದೇ ಸಂಗತಿಯನ್ನು ಬೇರೆ ಥರ ಕೇಳಿ ಅಂದೆ: "ಮಾಲೆ ಹಾಕಿದ ಮೊದಲ ವಾರ ಹೇಗೆ ಕಳೆದ್ರಿ?" ಅವರು ನೆನಪಿಸಿಕೊಂಡು ಹೇಳಿದರಂತೆ, ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡುತ್ತಿದ್ದೆ, ಸಂಜೆ ಭಜನೆಗೆ ಹೋಗುತ್ತಿದ್ದೆ, ಮುಖ್ಯವಾಗಿ ಟೀ ಅಂಗಡಿಯಲ್ಲಿ ಯಾರೂ ಪ್ಯಾಕು ಮುಂದೆ ಹಿಡಿಯುತ್ತಿರಲಿಲ್ಲ, ಎಲ್ಲರೂ ಸ್ವಾಮಿ ಅನ್ನುತ್ತಿದ್ದರು ಅಂತ. ತನ್ನ ಕಷ್ಟ ಎಲ್ಲಿದೆ ಅಂತ ಅವರೇ ಪತ್ತೆ ಹಚ್ಚಿದರು. ಸಂಜೆ ಟೀಗೆ ಜೊತೆಯಾಗುವ ಇಬ್ಬರು ಸ್ನೇಹಿತರಿಗೆ ಹೇಳಿಬಿಟ್ಟರೆ ಅರ್ಧ ಕೆಲಸ ಆಗುತ್ತೆ ಅಂದರು.

ಇನ್ನರ್ಧ ಬೆಳಗ್ಗೆಯದು. "ಎದ್ದ ತಕ್ಷಣ ಒಂದು ಎಳೀದಿದ್ರೆ ಹೊಟ್ಟೆ ಕ್ಲಿಯರ್ ಆಗಲ್ಲ" ಅಂತ ಅವರ ಮಾತು. ಇದನ್ನು ನೆಪ ಅಂತ ನಗಬೇಡಿ. ನಿಕೋಟಿನ್ ಕರುಳನ್ನು ಚುರುಕುಗೊಳಿಸುವುದು ನಿಜ, ಬಿಟ್ಟಾಗ ಕೆಲವು ದಿನ ಮಲಬದ್ಧತೆ ಆಗುವುದೂ ನಿಜ. ಎದ್ದ ಅರ್ಧ ಗಂಟೆಯೊಳಗೆ, ಅದರಲ್ಲೂ ಐದು ನಿಮಿಷದೊಳಗೆ ಮೊದಲ ಸಿಗರೇಟು ಬೇಕು ಅನ್ನುವವರಲ್ಲಿ ದೇಹದ ಅವಲಂಬನೆ ಜೋರಾಗಿರುತ್ತದೆ. ಎಷ್ಟೇ ನಯವಾಗಿ ಮಾತಾಡಿದರೂ ಮಾತು ಅದನ್ನು ತೆಗೆಯುವುದಿಲ್ಲ. ಅದಕ್ಕೆ ಔಷಧಿ ಬೇಕು.

ಮಾಹಿತಿ ಕೊಡುವಾಗಲೂ ಒಂದು ಕ್ರಮವಿದೆ. ಮೊದಲು ಕೇಳುವುದು, ಸ್ವಲ್ಪ ಹೇಳುವುದು, ಮತ್ತೆ ಕೇಳುವುದು. "ಗಮ್ ಅಂತ ಬರುತ್ತಲ್ಲ, ನಿಮಗೆ ಗೊತ್ತಾ?" "ಯಾವಾಗ್ಲೋ ಅಗಿದಿದ್ದೆ, ಗಂಟಲು ಉರೀತು." "ಅದರ ಬಗ್ಗೆ ಆಸ್ಪತ್ರೇಲಿ ಒಂದು ವಿಷಯ ಹೇಳಿದ್ರು, ಹೇಳ್ಲಾ?" ವಿಷಯ ಇಷ್ಟೇ: ನಿಕೋಟಿನ್ ಗಮ್ಮನ್ನು ಬಬಲ್ ಗಮ್ಮಿನಂತೆ ಒಂದೇ ಸಮ ಅಗಿದರೆ ರಸವೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಉರಿ ಬರುತ್ತದೆ. ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ಒತ್ತಿಟ್ಟುಕೊಂಡು, ಚುರುಗುಟ್ಟುವುದು ಕಡಿಮೆಯಾದಾಗ ಮತ್ತೆ ಅಗಿಯಬೇಕು, ಹೀಗೆ ಅರ್ಧ ಗಂಟೆ. ಅದಕ್ಕೆ ಮೊದಲು ಕಾಲು ಗಂಟೆ ಕಾಫಿ ಬೇಡ. ಇಷ್ಟು ಹೇಳಿ "ನಿಮಗೇನನ್ಸುತ್ತೆ?" ಅಂತ ಕೇಳಿ ಬಾಯಿ ಮುಚ್ಚಬೇಕು. ಎಷ್ಟು ಶಕ್ತಿಯದು, ಅವರಿಗೆ ಆಗಿಬರುತ್ತದೆಯೋ ಇಲ್ಲವೋ ಅನ್ನುವುದನ್ನು ಡಾಕ್ಟರಿಗೆ ಬಿಡಿ. ಡಾಕ್ಟರ ಹತ್ತಿರ ಬರಲು ಸಂಕೋಚ ಇರುವವರಿಗೆ 1800-11-2356 ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ನಂಬರು ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ, ಅವರ ಜೇಬಿನಲ್ಲೇ ಇದೆ ಅನ್ನಿ.

ಈ ಥರದ ಮಾತು ಕೆಡುವುದು ಬಹಳ ಸಲ ಸುಳ್ಳು ಪ್ರಶ್ನೆಯಿಂದ. "ಮಗಳ ಮದುವೆ ನೋಡೋ ಆಸೆ ಇಲ್ವಾ ನಿಮಗೆ?" ಇದು ಬೈಗುಳ, ಕೊನೆಯಲ್ಲಿ ಪ್ರಶ್ನೆಯ ಚಿಹ್ನೆ ಇದೆ ಅಷ್ಟೆ. ನಿಮಗೆ ಬೇಕಾದ ಉತ್ತರ ಮೊದಲೇ ನಿಮ್ಮಲ್ಲಿದ್ದರೆ ಅದು ಪ್ರಶ್ನೆಯಲ್ಲ. ಅವರು "ನೋಡೋಣ ಬಿಡು" ಅಂದು ಮೊಬೈಲ್ ಎತ್ತಿಕೊಂಡರೆ ನೀವು ಒಂದು ಹೆಜ್ಜೆ ಜಾಸ್ತಿಯೇ ಮುಂದೆ ಹೋಗಿದ್ದೀರಿ ಅಂತ ತಿಳಿಯಬೇಕು. "ಸರಿ, ಸಾಕು ಇವತ್ತಿಗೆ" ಅಂತ ಎದ್ದುಬಿಡಿ. ಮಾತು ಚೆನ್ನಾಗಿ ಹೋಗುತ್ತಿರುವಾಗ ಇನ್ನೊಂದು ಅಪಾಯ, ಖುಷಿಯಲ್ಲಿ ಆಣೆ ಹಾಕಿಸಿಕೊಳ್ಳುವುದು. ಧರ್ಮಸ್ಥಳದ ಮಂಜುನಾಥನ ಮೇಲೋ ಮಗಳ ತಲೆ ಮೇಲೋ ಆಣೆ ಹಾಕಿದವನು ಒಂದು ಸೇದಿದ ದಿನದಿಂದ ಕದ್ದು ಸೇದಲು ಶುರು ಮಾಡುತ್ತಾನೆ. ಕದ್ದು ಸೇದುವವನ ಜೊತೆ ಮಾತಾಡುವುದಕ್ಕೇ ಏನೂ ಉಳಿಯುವುದಿಲ್ಲ.

ಹಾಗಂತ ಎಲ್ಲದಕ್ಕೂ ಮೆತ್ತಗೆ ಇರಿ ಅಂತಲೂ ನಾನು ಹೇಳುತ್ತಿಲ್ಲ. ಮನೆಯೊಳಗೆ, ಕಾರಿನೊಳಗೆ ಸೇದಬಾರದು ಅನ್ನುವುದು ಕಿರಿಕಿರಿಯಲ್ಲ, ಮಿಕ್ಕವರ ಹಕ್ಕು. ಅದನ್ನು ಗಟ್ಟಿಯಾಗಿ, ಚಿಕ್ಕದಾಗಿ ಹೇಳಿ. ಬಿಡಿಸುವ ಮಾತನ್ನು ಅದರ ಜೊತೆ ಬೆರೆಸಬೇಡಿ. ಮತ್ತೆ, ಸೇದುವವನು ಆರಾಮಾಗಿರುವಾಗ ನಯವಾದ ಮಾತು ಕಲಿಯುವ ಹೊಣೆ ಹೆಂಗಸರ ಮೇಲೇ ಯಾಕೆ ಅಂತ ಒಬ್ಬರು ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಸಾಕಾಯಿತು ಅನ್ನಿಸಿದವರು ಈ ವಿಷಯವನ್ನು ಪೂರ್ತಿ ಬಿಟ್ಟು ಹಾಯಾಗಿದ್ದರೂ ನನ್ನ ತಕರಾರಿಲ್ಲ. ದಿನಾ ಜಗಳ ಆಡುವುದಕ್ಕಿಂತ ಅದು ವಾಸಿ.

ನಮ್ಮ ಅಂಗಡಿಯವರು ಗಮ್ ಹಿಡಿದು ಸಿಗರೇಟು ಬಿಟ್ಟರು. ಮೊದಲ ಎರಡು ಮೂರು ದಿನ ಸಿಡುಕು, ನಿದ್ದೆ ಇಲ್ಲ. ಆಮೇಲೂ ಎರಡರಿಂದ ನಾಲ್ಕು ವಾರ ಈ ಕಾಟ ಇರುತ್ತದೆ ಅಂತ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೆ. ಇಲ್ಲದಿದ್ದರೆ "ಇದಕ್ಕಿಂತ ಸೇದ್ತಿದ್ದಾಗ್ಲೇ ಚೆನ್ನಾಗಿದ್ರಿ" ಅನ್ನುವ ಮಾತು ಬಂದುಬಿಡುತ್ತದೆ, ಎಷ್ಟೋ ಜನ ಅದೊಂದು ಮಾತಿಗೇ ಮತ್ತೆ ಹಚ್ಚಿದ್ದಾರೆ. ನಡುವೆ ಒಂದು ಮದುವೆಯಲ್ಲಿ ಸೇದಿದರು, ಬಂದು ತಾವೇ ಹೇಳಿದರು. ಹೆಂಡತಿ ಎಷ್ಟು ಸೇದಿದ್ರಿ ಅಂತ ಕೇಳಲಿಲ್ಲ. "ಅದಕ್ಕೆ ಮೊದಲು ಏನಾಗಿತ್ತು?" ಅಂದರು. ಚೌಲ್ಟ್ರಿಯ ಹಿಂದೆ ಭಾವ ಹಳೇ ಸಾಲದ ಮಾತು ಎತ್ತಿದ್ದನಂತೆ. ಈಗ ಆ ಭಾವ ಮನೆಗೆ ಬಂದರೆ ಇವರು ಮೊದಲೇ ಗಮ್ ಬಾಯಿಗೆ ಹಾಕಿಕೊಂಡು ಕೂರುತ್ತಾರೆ.