ಯಾವ ಬಾಗಿಲು ಯಾವ ಕಡೆಯಿಂದ ತೆರೆಯುತ್ತದೆ

ನಾನು ಪಿಎಚ್‌ಡಿ ಮಾಡಿದ ಲ್ಯಾಬಿನಲ್ಲೇ ಈಗಷ್ಟೇ ಪಿಎಚ್‌ಡಿ ಮುಗಿಸಿದ ಹುಡುಗನೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. ಅವನ ಕೈಯಲ್ಲಿ ಎರಡು ಆಫರ್. ಎರಡೂ ನಾನಿರುವ ಜರ್ಮನಿಯಲ್ಲೇ. ಒಂದು ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲೆ ಮಾಡುವ ತಾತ್ಕಾಲಿಕ ಸಂಶೋಧನಾ ಕೆಲಸ. ಇನ್ನೊಂದು ಬ್ಯಾಟರಿ ಕಂಪನಿಯ ಸಂಶೋಧನಾ ವಿಭಾಗ.

"ಅಣ್ಣಾ, ಸದ್ಯಕ್ಕೆ ಪೋಸ್ಟ್‌ಡಾಕ್ ಮಾಡ್ತೀನಿ. ಕಂಪನಿ ವಿಷಯ ಆಮೇಲೆ ನೋಡಿದ್ರಾಯ್ತು, ಅಲ್ವಾ?"

ಎಂಟು ವರ್ಷದ ಹಿಂದೆ ನಾನೂ ಇದನ್ನೇ ಹೇಳಿದ್ದೆ. ಆ "ಆಮೇಲೆ" ಅನ್ನೋದು ಎಷ್ಟು ಉದ್ದ ಅಂತ ಕಾನೂನು ಬರೆದಿಟ್ಟಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ದೇಶದಲ್ಲಿ ಸಹಾಯಕ ಪ್ರಾಧ್ಯಾಪಕ ಅಂದರೆ ಮೊದಲ ಮೆಟ್ಟಿಲು. ಆ ಮೆಟ್ಟಿಲು ಹತ್ತುವುದೇ ಕಷ್ಟ. ಆದರೆ ಖಾಯಂ ಹುದ್ದೆಗೆ ಒಮ್ಮೆ ಸೇರಿ ಪ್ರೊಬೇಷನ್ ಮುಗಿಸಿದರೆ ಕೆಲಸ ನಿವೃತ್ತಿವರೆಗೆ ಗಟ್ಟಿ. ಇಲ್ಲಿ ಹಾಗಲ್ಲ. ಪೂರ್ಣ ಪ್ರಾಧ್ಯಾಪಕರಾಗುವವರೆಗೆ ಹೆಚ್ಚಿನವರು ತಾತ್ಕಾಲಿಕ ಒಪ್ಪಂದದಲ್ಲೇ ಇರುತ್ತಾರೆ. ನಡುವೆ ಕಾಲು ಊರಲು ಜಾಗ ಬಹಳ ಕಡಿಮೆ. ಸಂಶೋಧಕರ ತಾತ್ಕಾಲಿಕ ಒಪ್ಪಂದಗಳಿಗೆಂದೇ 2007ರಲ್ಲಿ ಬಂದ ಒಂದು ಕಾನೂನಿದೆ. ಅದರ ಜರ್ಮನ್ ಹೆಸರನ್ನು ಎಂಟು ವರ್ಷವಾದರೂ ನಾನು ಒಂದೇ ಉಸಿರಿನಲ್ಲಿ ಹೇಳಲಾರೆ. ಅದರ ಪ್ರಕಾರ ಪಿಎಚ್‌ಡಿಗೆ ಮುಂಚೆ 6 ವರ್ಷ, ಪಿಎಚ್‌ಡಿ ಆದ ಮೇಲೆ 6 ವರ್ಷ ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು. ವೈದ್ಯಕೀಯದಲ್ಲಿ ಮಾತ್ರ ಎರಡನೆಯದು 9 ವರ್ಷ. ಮೊದಲ ಆರರಲ್ಲಿ ಉಳಿಸಿದ ಸಮಯ ಎರಡನೆಯದಕ್ಕೆ ಸೇರುತ್ತದೆ. ಮಕ್ಕಳಿದ್ದರೆ ಪ್ರತಿ ಮಗುವಿಗೆ ಎರಡು ವರ್ಷ ಜಾಸ್ತಿ ಸಿಗಬಹುದು.

ಹುಡುಗನ ಲೆಕ್ಕ ಹಾಕಿದೆವು. ಅವನ ಪಿಎಚ್‌ಡಿಗೆ ಹಿಡಿದದ್ದು 5 ವರ್ಷ. ಅಂದರೆ ಒಂದು ವರ್ಷ ಉಳಿಕೆ. ಆರಕ್ಕೆ ಒಂದು ಸೇರಿ ಏಳು. "ಏಳು ವರ್ಷ ಅಂದ್ರೆ ಬೇಕಾದಷ್ಟಾಯ್ತು" ಅಂದ. ನಾನು ಅವನ ಒಪ್ಪಂದದ ಕರಡಿನಲ್ಲಿ ಒಂದು ಸಾಲು ಹುಡುಕು ಅಂದೆ. ಈ ಕಾನೂನಿನಡಿ ತಾತ್ಕಾಲಿಕವಾಗಿ ತೆಗೆದುಕೊಂಡರೆ ಹಾಗಂತ ಒಪ್ಪಂದದಲ್ಲೇ ಬರೆಯಬೇಕು. ಸಾಮಾನ್ಯವಾಗಿ ಕಲಂ 2, ಉಪಕಲಂ 1 ಅಂತಲೋ ಉಪಕಲಂ 2 ಅಂತಲೋ ಇರುತ್ತದೆ. ಒಂದು ಅಂದರೆ ಅದೇ ಆರು ವರ್ಷದ ಗಡಿಯಾರ. ಎರಡು ಅಂದರೆ ಹೊರಗಿನ ಅನುದಾನದ ಹಣ, ಇಲ್ಲಿಯವರ ಬಾಯಲ್ಲಿ "ಡ್ರಿಟ್‌ಮಿಟೆಲ್". ಪ್ರಾಜೆಕ್ಟ್ ಎಷ್ಟು ದಿನವೋ ಸಂಬಳವೂ ಅಷ್ಟೇ ದಿನ.

ಅವನದ್ದು ಉಪಕಲಂ 2. "ಹಾಗಾದ್ರೆ ಗಡಿಯಾರ ನಿಂತಿರತ್ತೆ" ಅಂತ ಖುಷಿಪಟ್ಟ. ಎಲ್ಲರೂ ಎಡವುವುದು ಇಲ್ಲೇ. ಅನುದಾನದ ಒಪ್ಪಂದದಲ್ಲಿ ದುಡಿದ ವರ್ಷಗಳೂ ಆ ಮಿತಿಯ ಲೆಕ್ಕಕ್ಕೆ ಬರುತ್ತವೆ. ಮಿತಿ ಮುಗಿದ ಮೇಲೂ ಹೊರಗಿನ ಅನುದಾನ ಸಿಕ್ಕರೆ ಹೊಸ ತಾತ್ಕಾಲಿಕ ಒಪ್ಪಂದ ಮಾಡಬಹುದು, ಅಷ್ಟೇ ವ್ಯತ್ಯಾಸ. ಖಾಯಂ ಕೆಲಸ ಕೊಡುವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ಕೊಡುವವರು ಬೇಕಲ್ಲ! ಹೀಗಾಗಿ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಒಪ್ಪಂದ ತಾನಾಗಿಯೇ ಮುಗಿಯುತ್ತದೆ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಅನ್ನೋದೂ ಗೊತ್ತಾಗುವುದಿಲ್ಲ.

2021ರಲ್ಲಿ ಈ ಕೋಪ ಒಮ್ಮೆ ಹೊರಗೆ ಬಂತು. ಈ ಕಾನೂನನ್ನು ವಿವರಿಸಲು ಇಲ್ಲಿನ ಶಿಕ್ಷಣ ಸಚಿವಾಲಯ ಹಿಂದೆ ಒಂದು ಕಾರ್ಟೂನ್ ವಿಡಿಯೋ ಮಾಡಿತ್ತು. ಅದರಲ್ಲಿ ಹಾನಾ ಎಂಬ ಕಾಲ್ಪನಿಕ ಸಂಶೋಧಕಿ. ಒಂದು ಪೀಳಿಗೆ ಎಲ್ಲ ಹುದ್ದೆ ಹಿಡಿದು ವ್ಯವಸ್ಥೆ ಕಟ್ಟಿಕೊಳ್ಳದಿರಲಿ ಅಂತ ತಾತ್ಕಾಲಿಕ ಒಪ್ಪಂದ ಎಂಬುದು ಅದರ ವಾದ. ಮೋರಿ ಕಟ್ಟಿಕೊಂಡ ಹಾಗೆ! "ನಾನೇ ಹಾನಾ" ಅಂತ ಸಾವಿರಾರು ಸಂಶೋಧಕರು ತಮ್ಮ ಒಪ್ಪಂದಗಳ ಕತೆ ಬರೆದರು. ನಾನೂ ಓದುತ್ತಾ ಕೂತಿದ್ದೆ. ಆಗ ನನ್ನದು ಮೂರನೇ ಒಪ್ಪಂದ.

ಇಷ್ಟು ಹೇಳಿದ ಮೇಲೆ ಕಂಪನಿಯೇ ಸ್ವರ್ಗ ಅಂತ ಹೇಳುತ್ತೇನೆ ಅಂದುಕೊಂಡಿದ್ದರೆ, ಅದಲ್ಲ. ಕೆಲಸದ ರೀತಿಯೇ ಬೇರೆ. ಅದನ್ನು ಒಂದು ಉದಾಹರಣೆಯಲ್ಲೇ ಹೇಳಬೇಕು.

ಪೋಸ್ಟ್‌ಡಾಕ್‌ನಲ್ಲಿ ನಾನು ಬ್ಯಾಟರಿಯ ಕ್ಯಾಥೋಡ್ ಪುಡಿಗೆ ತೆಳುವಾದ ಲೇಪನ ಕೊಡುತ್ತಿದ್ದೆ. ಪರೀಕ್ಷೆ ಕಾಯಿನ್ ಸೆಲ್‌ನಲ್ಲಿ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಬಿಲ್ಲೆ. ಅದರೊಳಗೆ ತೆಳ್ಳಗೆ ಹಚ್ಚಿದ ನನ್ನ ಪುಡಿ, ಎದುರಿಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಲಿಥಿಯಂ ಲೋಹ, ಮೇಲೆ ಧಾರಾಳವಾಗಿ ಎಲೆಕ್ಟ್ರೋಲೈಟ್. ಐದು ಸೆಲ್ ಕಟ್ಟಿದರೆ ಎರಡು ಕೆಡುತ್ತಿದ್ದವು. ಉಳಿದ ಮೂರರಲ್ಲಿ ಚೆನ್ನಾಗಿ ಬಂದದ್ದರ ಗೆರೆ ಗ್ರಾಫಿಗೆ ಹೋಗುತ್ತಿತ್ತು. ಇನ್ನೂರು ಸಲ ಚಾರ್ಜ್ ಮಾಡಿದರೂ ಗೆರೆ ಬಗ್ಗುತ್ತಿರಲಿಲ್ಲ. ಅದು ಸುಳ್ಳಲ್ಲ. ಲೇಪನ ಯಾಕೆ ಕೆಲಸ ಮಾಡುತ್ತದೆ ಅನ್ನೋದೇ ನಮ್ಮ ಪ್ರಶ್ನೆಯಾಗಿತ್ತು, ಅದಕ್ಕೆ ಉತ್ತರ ಸಿಕ್ಕಿತು, ಪ್ರಬಂಧ ಅಚ್ಚಾಯಿತು.

ಕಂಪನಿಗೆ ಸೇರಿದಾಗ ಹೆಚ್ಚುಕಡಿಮೆ ಅದೇ ಲೇಪನ ಮತ್ತೆ ನನ್ನ ಮೇಜಿಗೆ ಬಂತು. ಈಗ ಪ್ರಶ್ನೆ ಬೇರೆ. ಪುಡಿಯನ್ನು ದಪ್ಪಗೆ ಹಚ್ಚಬೇಕು. ಎದುರಿಗೆ ಲಿಥಿಯಂ ರಾಶಿ ಇಲ್ಲ, ಲೆಕ್ಕ ಹಾಕಿ ಇಟ್ಟ ಗ್ರಾಫೈಟ್. ಎಲೆಕ್ಟ್ರೋಲೈಟ್ ತೂಗಿ ಹಾಕಬೇಕು, ಯಾಕಂದರೆ ಪ್ರತಿ ಗ್ರಾಮೂ ಬ್ಯಾಟರಿಯ ತೂಕ. ನಲವತ್ತು ಪೌಚ್ ಸೆಲ್ ಕಟ್ಟಿದೆವು. ಪೌಚ್ ಅಂದರೆ ಫಾಯಿಲ್ ಚೀಲದಲ್ಲಿ ಮುಚ್ಚಿದ ಚಪ್ಪಟೆ ಸೆಲ್. ಇಲ್ಲಿ ಚೆನ್ನಾಗಿ ಬಂದದ್ದನ್ನು ಆರಿಸುವ ಹಾಗಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಅಂತಲೇ ಮೊದಲು ಕೇಳುತ್ತಾರೆ. ಬಿಸಿ ಕಪಾಟಿನಲ್ಲಿ ಕೆಲವು ವಾರ ಇಟ್ಟ ಮೇಲೆ ಏಳು ಚೀಲ ದಿಂಬಿನ ಹಾಗೆ ಉಬ್ಬಿದ್ದವು. ಒಳಗೆ ಗ್ಯಾಸ್. ಕಾಯಿನ್ ಸೆಲ್‌ನ ಗಟ್ಟಿ ಉಕ್ಕಿನ ಡಬ್ಬಿಯಲ್ಲಿ ಈ ಗ್ಯಾಸ್ ಕಣ್ಣಿಗೆ ಕಾಣುವುದೇ ಇಲ್ಲ. ಮೂರು ವರ್ಷ ಅದು ನನ್ನ ಎದುರಿಗೇ ಇದ್ದಿರಬೇಕು.

ಏಳೇ ಯಾಕೆ ಉಬ್ಬಿದವು? ಆ ಏಳಕ್ಕೂ ಹಾಕಿದ್ದು ಪೂರೈಕೆದಾರರ ಒಂದೇ ಬ್ಯಾಚಿನ ಪುಡಿ. ಅದರಲ್ಲಿ ತೇವ ಹೆಚ್ಚಿತ್ತು. ನನಗೆ ಮೈಯೆಲ್ಲ ಕುತೂಹಲ. ತೇವಕ್ಕೂ ಲೇಪನಕ್ಕೂ ಏನು ಸಂಬಂಧ, ಯಾವ ಗ್ಯಾಸ್, ಎಷ್ಟು ಹೊತ್ತಿಗೆ? ಇನ್ನು ನಾಲ್ಕು ತಿಂಗಳು ಕೊಟ್ಟರೆ ಒಳ್ಳೆಯ ಪ್ರಬಂಧವಾಗುತ್ತಿತ್ತು. ಮೀಟಿಂಗ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪ್ರತಿ ಬ್ಯಾಚಿನಲ್ಲೂ ಅಷ್ಟು ಒಣ ಪುಡಿ ಕೊಡುವುದು ಪೂರೈಕೆದಾರರಿಂದ ಆಗುವುದಿಲ್ಲ, ಹಾಗಾಗಿ ಲೇಪನ ಬೇಡ. ಯಾರೂ ನನ್ನನ್ನು ಬೈಯಲಿಲ್ಲ. ಸೋಮವಾರ ಬೇರೆ ಕೆಲಸ ಶುರು.

ಕಂಪನಿ ಕೆಲಸ ಹೇಗಿದೆ ಅಂತ ಕೇಳಿದವರಿಗೆ ಈ ಇಪ್ಪತ್ತು ನಿಮಿಷದ ಕತೆ ಹೇಳುತ್ತೇನೆ. ಸಂಬಳ, ಸ್ವಾತಂತ್ರ್ಯ ಅಂತ ಎಲ್ಲರೂ ಮಾತಾಡುತ್ತಾರೆ. ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಒಂದೇ: ಪ್ರಶ್ನೆ ಮುಗಿಯಿತು ಅಂತ ಹೇಳುವವರು ಯಾರು? ವಿಶ್ವವಿದ್ಯಾಲಯದಲ್ಲಿ ನಾನೇ ಹೇಳುತ್ತಿದ್ದೆ, ಆದರೆ ನನ್ನ ಒಪ್ಪಂದ ಮುಗಿಯುವ ದಿನವನ್ನು ಬೇರೆಯವರು ಹೇಳುತ್ತಿದ್ದರು. ಇಲ್ಲಿ ಸರಿಯಾಗಿ ಅದರ ತಿರುಗುಮುರುಗು. ಉಬ್ಬಿದ ಚೀಲ ಬಿಟ್ಟು ಸೋಮವಾರ ಹೊಸ ಕೆಲಸಕ್ಕೆ ಖುಷಿಯಿಂದ ಹೋಗುವವರಿದ್ದಾರೆ. ನನ್ನ ಪಕ್ಕದ ಮೇಜಿನವಳು ಹಾಗೆಯೇ, ಮತ್ತು ಅವಳು ನನಗಿಂತ ಒಳ್ಳೆಯ ರಸಾಯನಶಾಸ್ತ್ರಜ್ಞೆ. ನನಗೆ ಮಾತ್ರ ಆ ಗ್ಯಾಸ್ ಇವತ್ತಿಗೂ ತಲೆಯಲ್ಲಿದೆ.

ಇನ್ನೊಂದು ವಿಷಯ ಹುಡುಗನಿಗೆ ಹೇಳಲೇಬೇಕಿತ್ತು. ಕಂಪನಿಗೆ ಹೋದರೆ ವಾಪಸ್ ಬರಲು ಆಗತ್ತಾ?

ನಮ್ಮ ಕಡೆ ಇದಕ್ಕೆ ಸಿಗುವ ಉತ್ತರ "ಹೋದರೆ ಹೋದ ಹಾಗೆ". ಅದು ಪೂರ್ತಿ ಸುಳ್ಳೇನಲ್ಲ. ಐಐಟಿಗಳಲ್ಲಿ ಮೊದಲ ದರ್ಜೆಯ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌ಡಿ ನಂತರ 3 ವರ್ಷದ ಅನುಭವ ಕೇಳುತ್ತಾರೆ. ಕಾಗದದ ಮೇಲೆ ಉದ್ಯಮದ ಅನುಭವವೂ ನಡೆಯುತ್ತದೆ. ಆದರೆ ಆಯ್ಕೆ ಸಮಿತಿ ಮೊದಲು ತಿರುವಿ ನೋಡುವುದು ಪ್ರಬಂಧಗಳ ಪಟ್ಟಿಯನ್ನು. ಕಂಪನಿಯ ನಾಲ್ಕು ವರ್ಷ ಅಲ್ಲಿ ಖಾಲಿ ಜಾಗ. ಪೇಟೆಂಟ್ ಹಾಕಿದರೂ ಅರ್ಜಿ ಬಹಿರಂಗವಾಗುವುದು ಸಾಮಾನ್ಯವಾಗಿ 18 ತಿಂಗಳ ಮೇಲೆ. ಯುಜಿಸಿ 2022ರಲ್ಲಿ "ಪ್ರೊಫೆಸರ್ ಆಫ್ ಪ್ರಾಕ್ಟೀಸ್" ಅಂತ ಒಂದು ದಾರಿ ತೆರೆಯಿತು. ಅದಕ್ಕೆ ಕನಿಷ್ಠ 15 ವರ್ಷದ ಅನುಭವ ಬೇಕು, ಅವಧಿ 3 ವರ್ಷ, ಹೆಚ್ಚೆಂದರೆ 4. ಅದು ಅತಿಥಿಗೆ ಹಾಕಿದ ಕುರ್ಚಿ, ಮನೆಯವರದ್ದಲ್ಲ.

ಇಲ್ಲಿ ಒಂದು ಬಾಗಿಲು ತಿರುಗಾಮುರುಗಾ ಇದೆ, ಅದು ನನಗೆ ತುಂಬಾ ಹಿಡಿಸಿತು. ಫಾಖ್‌ಹೋಖ್‌ಶೂಲೆ ಅಂದರೆ ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯ. ಅಲ್ಲಿ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಕನಿಷ್ಠ 5 ವರ್ಷದ ವೃತ್ತಿ ಅನುಭವ ಬೇಕು, ಅದರಲ್ಲಿ 3 ವರ್ಷವಾದರೂ ವಿಶ್ವವಿದ್ಯಾಲಯದ ಹೊರಗೆ ಕಳೆದಿರಬೇಕು. ಹೊರಗೆ ಹೋಗದವರಿಗೆ ಆ ಬಾಗಿಲು ತೆರೆಯುವುದೇ ಇಲ್ಲ. ಹುದ್ದೆ ಖಾಯಂ. ಬೆಲೆಯೂ ಇದೆ: ವಾರಕ್ಕೆ ಸುಮಾರು 18 ಗಂಟೆ ಪಾಠ. ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಅದರ ಅರ್ಧ. ಪಾಠದ ನಡುವೆ ಉಳಿದ ಪುಡಿ ಸಮಯದಲ್ಲೇ ಸಂಶೋಧನೆ.

ಹಾಗಾಗಿ ನಾನು ಅವನಿಗೆ ಹೇಳಿದ್ದು ಇಷ್ಟು. ನಮ್ಮ ದೇಶದ ಸಂಶೋಧನಾ ಸಂಸ್ಥೆಗೆ ವಾಪಸ್ ಹೋಗುವುದೇ ಗುರಿಯಾದರೆ ಪೋಸ್ಟ್‌ಡಾಕ್ ಮಾಡು, ಎರಡು ಮೂರು ವರ್ಷ ಅಂತ ಮೊದಲೇ ಗೆರೆ ಎಳೆದುಕೋ, ಪ್ರಬಂಧದಲ್ಲಿ ಮೊದಲ ಹೆಸರು ನಿನ್ನದೇ ಇರುವ ಕೆಲಸ ಹಿಡಿ. ಇಲ್ಲೇ ಇರುವುದಾದರೆ ಕಂಪನಿ ಮೊದಲು. ಕಂಪನಿಯ ವರ್ಷಗಳು ಆ ಏಳು ವರ್ಷದ ಗಡಿಯಾರವನ್ನು ತಿನ್ನುವುದಿಲ್ಲ. ಎರಡೂ ಬಿಟ್ಟು ಸುಮ್ನೆ "ಸದ್ಯಕ್ಕೆ" ಅಂತ ಪೋಸ್ಟ್‌ಡಾಕ್‌ಗೆ ಸೇರುವುದಿದೆಯಲ್ಲ, ನಾನು ಮಾಡಿದ್ದು ಅದನ್ನೇ. ನಾಲ್ಕು ವರ್ಷ ಕಳೆದು ಕಂಪನಿಗೆ ಹೋದಾಗ ಪಿಎಚ್‌ಡಿ ಮುಗಿಸಿ ನೇರ ಬಂದವರ ಜೊತೆ ಅದೇ ದರ್ಜೆಯಲ್ಲಿ ಕೂರಿಸಿದರು.

"ನೀವು ವಾಪಸ್ ಹೋಗ್ತೀರಾ ಅಣ್ಣಾ?" ಅಂತ ಕೊನೆಗೆ ಕೇಳಿದ.

ಫಾಖ್‌ಹೋಖ್‌ಶೂಲೆಯ ಹುದ್ದೆಯೊಂದರ ಜಾಹೀರಾತು ಎರಡು ವಾರದಿಂದ ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇದೆ. ವಿಷಯ ಎಲೆಕ್ಟ್ರೋಕೆಮಿಸ್ಟ್ರಿ. ನನಗೆ ಅರ್ಹತೆ ಇದೆ, ಗ್ಯಾಸ್ ಅಳೆಯುವ ಉಪಕರಣವೂ ಅವರ ಲ್ಯಾಬಿನಲ್ಲಿದೆ. ಆದರೆ ಜರ್ಮನ್ ಭಾಷೆಯಲ್ಲಿ ವಾರಕ್ಕೆ 18 ಗಂಟೆ ಪಾಠ ಮಾಡುವ ಬಗ್ಗೆ ನನ್ನ ಹೆಂಡತಿಗೆ ಇನ್ನೂ ನಗು ನಿಂತಿಲ್ಲ.